ಒಲೆಗೆ ತಕ್ಕ ಹೊಗೆಗೂಡು: ಅಗಲ, ಎತ್ತರ ಮತ್ತು ಕೊಳವೆಯ ಅಳತೆ

ಹಳ್ಳಿಯ ದೊಡ್ಡ ಮನೆಗಳಲ್ಲಿ ಅನಿಲದ ಒಲೆ ಬಂದಿದ್ದರೂ ಸೌದೆಯ ಒಲೆಯು ಮರೆಯಾಗಿಲ್ಲ. ಆಳುಕಾಳುಗಳಿಗೆ ಅಡಿಗೆ, ದನಗಳಿಗೆ ಹುರುಳಿ ಬೇಯಿಸುವುದು, ಹಬ್ಬಹುಣ್ಣಿಮೆಗಳ ದೊಡ್ಡ ಪಾತ್ರೆಗಳು, ಇವೆಲ್ಲ ಇನ್ನೂ ಸೌದೆಯ ಒಲೆಯ ಮೇಲೆಯೇ ನಡೆಯುವ ಮನೆಗಳು ಬಹಳ ಉಂಟು. ಇಂಥ ಒಲೆಯ ಹೊಗೆಯು ಹೆಂಗಸರ ಕಣ್ಣು ಶ್ವಾಸಕೋಶಗಳನ್ನು ಕೆಡಿಸುವುದನ್ನೂ, ಮಗ್ಗುಲಲ್ಲಿ ಆಡುವ ಮಕ್ಕಳಿಗೆ ಎದೆಯ ರೋಗವನ್ನು ತರುವುದನ್ನೂ ಕಂಡು, ಮನೆಯ ಯಜಮಾನರು ಹಣ ಖರ್ಚು ಮಾಡಿ ಚಿಮಣಿ ಕಟ್ಟಿಸುತ್ತಾರೆ. ಆದರೆ ಕಟ್ಟಿದ ಮೇಲೂ ಹೊಗೆಯು ಅಡಿಗೆಮನೆಯಲ್ಲಿಯೇ ಸುತ್ತುವುದನ್ನು ಕಂಡು, “ಚಿಮಣಿಯಿಂದ ಪ್ರಯೋಜನವಿಲ್ಲ” ಎಂದು ಕೈಬಿಡುವವರೇ ಹೆಚ್ಚು. ದೋಷವು ಚಿಮಣಿಯದಲ್ಲ, ಅಳತೆಯದು. ಅಳತೆ ಹಾಕುವ ಕ್ರಮವನ್ನು ತಿಳಿದುಕೊಂಡರೆ, ಗಾರೆಯವನು ಕರಣಿ ಹಿಡಿಯುವುದಕ್ಕೆ ಮುಂಚೆಯೇ ಹೊಗೆ ಹೋಗುವುದೋ ಇಲ್ಲವೋ ಎಂಬುದನ್ನು ಯಜಮಾನರು ತಾವೇ ಲೆಕ್ಕ ಹಾಕಿ ಹೇಳಬಹುದು.

ಒಲೆಯ ಮೇಲೆ ಕವುಚಿದ ಬುಟ್ಟಿಯಂತೆ ನಿಂತು ಹೊಗೆಯನ್ನು ಒಟ್ಟುಗೂಡಿಸುವ ಭಾಗವನ್ನು ಈ ಲೇಖನದಲ್ಲಿ ಹೊಗೆಗೂಡು ಎಂದೂ, ಅದರ ನೆತ್ತಿಯಿಂದ ಸೂರನ್ನು ದಾಟಿ ಮೇಲೆ ಹೋಗುವ ಭಾಗವನ್ನು ಕೊಳವೆ ಎಂದೂ ಕರೆಯೋಣ. ಈ ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು; ಎರಡೂ ಒಲೆಗೆ ಹೊಂದಿಕೊಂಡಿರಬೇಕು.

ಹೊಗೆಯು ಏರುವ ರೀತಿ

ಬಿಸಿಯಾದ ಹೊಗೆಯು ಹಗುರವಾದುದರಿಂದ ಮೇಲಕ್ಕೆ ಏರುತ್ತದೆ. ಏರುವಾಗ ಅದು ಒಂಟಿಯಾಗಿ ಹೋಗುವುದಿಲ್ಲ. ಸುತ್ತಲಿನ ತಣ್ಣನೆಯ ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಆದುದರಿಂದ ಒಲೆಯ ಬಾಯಿಯಲ್ಲಿ ಸಣ್ಣದಾಗಿ ಹೊರಟ ಹೊಗೆಯ ಕಂಬವು ಮೇಲೆ ಮೇಲೆ ಹೋದಂತೆಲ್ಲ ದಪ್ಪನಾಗುತ್ತದೆ, ತಣ್ಣಗಾಗುತ್ತದೆ, ಅದರ ವೇಗವೂ ಕುಗ್ಗುತ್ತದೆ. ಬೆಂಕಿಯಿಂದ ಇರುವ ಎತ್ತರವು ಇಮ್ಮಡಿಯಾದರೆ, ಹೊಗೆಯೊಡನೆ ಕೂಡಿ ಏರುವ ಗಾಳಿಯ ಮೊತ್ತವು ಸುಮಾರು ಮೂರು ಪಟ್ಟಾಗುತ್ತದೆ. ಹೊಗೆಗೂಡನ್ನು ಎತ್ತರದಲ್ಲಿ ಕಟ್ಟಿದರೆ ಅದು ಹೆಚ್ಚು ಅಗಲವಾಗಿರಬೇಕು, ಅದರ ಕೊಳವೆಯೂ ಹೆಚ್ಚು ಗಾಳಿಯನ್ನು ಹೊರಹಾಕಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲ ಇದರಿಂದಲೇ ಬರುತ್ತದೆ.

ಹೊಗೆಗೂಡಿನ ಅಗಲ

ಒಲೆಗಿಂತ ಹೊಗೆಗೂಡು ದೊಡ್ಡದಾಗಿರಬೇಕು. ಎಷ್ಟು ದೊಡ್ಡದೆಂಬುದು ಎತ್ತರವನ್ನು ಹೊಂದಿಕೊಂಡಿದೆ. ತೆರೆದಿರುವ ಪ್ರತಿ ಪಕ್ಕದಲ್ಲಿಯೂ ಹೊಗೆಗೂಡಿನ ಅಂಚು ಒಲೆಯನ್ನು ಮೀರಿ ಚಾಚಿರಬೇಕು. ಕಟ್ಟೆಯಿಂದ ಹೊಗೆಗೂಡಿನ ಕೆಳ ಅಂಚಿಗೆ ಎಷ್ಟು ಎತ್ತರವಿದೆಯೋ ಅದರ ಹತ್ತರಲ್ಲಿ ನಾಲ್ಕು ಪಾಲು ಈ ಚಾಚಿನ ಅಳತೆ. ಎತ್ತರವು ೩೦ ಅಂಗುಲವಾದರೆ ಚಾಚು ೧೨ ಅಂಗುಲ.

ಗೋಡೆಯಿಂದ ಮುಚ್ಚಿದ ಪಕ್ಕಕ್ಕೆ ಈ ಚಾಚು ಬೇಡ. ಅಲ್ಲಿ ಪಾತ್ರೆಯನ್ನು ಇಳಿಸಿ ಹತ್ತಿಸಲು ೬ ಅಂಗುಲದಷ್ಟು ಜಾಗವಿದ್ದರೆ ಸಾಕು. ಆದರೆ ಮುಂಭಾಗದ ಚಾಚನ್ನು ಎಂದಿಗೂ ಕಡಿಮೆ ಮಾಡಕೂಡದು. ಸೌದೆಯನ್ನು ಒಡ್ಡುವ ಬಾಯಿ ಇರುವುದು ಮುಂದುಗಡೆ. ಹಸಿಸೌದೆಯ ತುದಿಯಿಂದಲೂ, ಒಲೆಯ ಬಾಯಿಯಿಂದಲೂ ಬಹುಪಾಲು ಹೊಗೆಯು ಅಲ್ಲಿಯೇ ಹೊರಡುತ್ತದೆ. ಪಾತ್ರೆಗಳ ಮೇಲಕ್ಕೆ ಮಾತ್ರ ಸರಿಯಾಗಿ ನಿಂತು, ಮುಂದಿನ ಬಾಯಿಯ ಮೇಲೆ ಚಾಚದಿರುವ ಹೊಗೆಗೂಡುಗಳು ನೋಡಲು ಅಚ್ಚುಕಟ್ಟಾಗಿರುತ್ತವೆ. ಅಡಿಗೆ ಮಾಡುವವರ ಮುಖಕ್ಕೆ ಬರುವ ಹೊಗೆಯನ್ನು ಮಾತ್ರ ತಡೆಯುವುದಿಲ್ಲ.

ಕೆಳ ಅಂಚಿನ ಎತ್ತರ

ಅಂಚು ತಗ್ಗಿದಷ್ಟೂ ಹೊಗೆ ಚೆನ್ನಾಗಿ ಸಿಕ್ಕುತ್ತದೆ. ಆದರೆ ಪಾತ್ರೆಯನ್ನು ಎತ್ತಿ ಇಡಲು, ಸೌಟನ್ನು ಆಡಿಸಲು ಜಾಗ ಬೇಕು, ತಲೆಗೆ ಬಡಿಯಲೂಕೂಡದು. ಕಟ್ಟೆಯ ಮೇಲೆ ಒಲೆಯ ಎತ್ತರ ೯ ಅಂಗುಲ, ನಿತ್ಯದ ದೊಡ್ಡ ಪಾತ್ರೆ ೧೨ ಅಂಗುಲ, ಸೌಟು ಆಡಿಸಲು ೯ ಅಂಗುಲ, ಒಟ್ಟು ೩೦ ಅಂಗುಲ. ಮಣೆಯ ಮೇಲೆ ಕುಳಿತು ಅಡಿಗೆ ಮಾಡುವ ಮನೆಯಲ್ಲಿ, ಕಟ್ಟೆಯು ನೆಲದಿಂದ ೬ ಅಂಗುಲವಿದ್ದರೆ, ಅಂಚು ನೆಲದಿಂದ ೩ ಅಡಿಯ ಮೇಲೆ ನಿಲ್ಲುತ್ತದೆ. ಇದು ಕುಳಿತವರ ತಲೆಗಿಂತ ತುಸು ಮೇಲೆ.

ನಿಂತು ಅಡಿಗೆ ಮಾಡುವ ಮನೆಯಲ್ಲಿ ಈ ಲೆಕ್ಕವು ಹೊಂದುವುದಿಲ್ಲ. ೨ ಅಡಿಯ ಕಟ್ಟೆಯ ಮೇಲೆ ೩೦ ಅಂಗುಲಕ್ಕೆ ಅಂಚು ಬಂದರೆ ಅದು ನಿಂತವರ ಮುಖಕ್ಕೆ ನೇರವಾಗುತ್ತದೆ. ಅಲ್ಲಿ ಅಂಚನ್ನು ಕಟ್ಟೆಯಿಂದ ೩ ಅಡಿಗೆ ಏರಿಸಲೇ ಬೇಕು. ಹಾಗೆ ಏರಿಸಿದ ೬ ಅಂಗುಲಕ್ಕೆ ಬೆಲೆಯನ್ನು ಬೇರೆ ಕಡೆ ತೆರಬೇಕಾಗುತ್ತದೆ: ಮುಂದಿನ ಚಾಚು ೧೨ ಅಂಗುಲದಿಂದ ಸುಮಾರು ೧೪½ ಅಂಗುಲಕ್ಕೆ ಏರಬೇಕು, ಕೊಳವೆಯೂ ದೊಡ್ಡದಾಗಬೇಕು. ಆ ಬೆಲೆಯನ್ನು ತೆರದೆ ಅಂಚನ್ನು ಮಾತ್ರ ಏರಿಸುವುದರಿಂದಲೇ ಅನೇಕ ಚಿಮಣಿಗಳು ಕೆಡುತ್ತವೆ.

ಕೊಳವೆಯ ಗಾತ್ರ

ಹೊಗೆಗೂಡಿನ ಅಂಚಿಗೂ ಒಲೆಯ ಕಟ್ಟೆಗೂ ನಡುವೆ ತೆರೆದಿರುವ ಜಾಗವನ್ನು ಬಾಗಿಲೆಂದು ಭಾವಿಸಿರಿ. ಈ ಬಾಗಿಲಿನ ಮೂಲಕ ಗಾಳಿಯು ಒಳಗೆ ನುಗ್ಗುತ್ತಿದ್ದರೆ ಹೊಗೆಯು ಹೊರಕ್ಕೆ ಬರಲಾರದು. ಬಾಗಿಲು ದೊಡ್ಡದಾಗಿ ಕೊಳವೆ ಸಣ್ಣದಾದರೆ ಒಳಹೋಗುವ ಗಾಳಿಯ ವೇಗ ಕುಗ್ಗಿ, ಹೊಗೆಯು ಅಂಚಿನ ಕೆಳಗಿನಿಂದ ಮಗುಚಿ ಕೋಣೆಗೆ ಬರುತ್ತದೆ. ಬೆಂಕಿಗೂಡುಗಳನ್ನು ಕಟ್ಟುವವರು ಬಹುಕಾಲದಿಂದ ಅನುಸರಿಸಿ ಬಂದಿರುವ ನಿಯಮವೇನೆಂದರೆ, ಕೊಳವೆಯ ಒಳಗಿನ ವಿಸ್ತಾರವು ತೆರೆದ ಜಾಗದ ವಿಸ್ತಾರದ ಹತ್ತನೆಯ ಒಂದು ಪಾಲಾದರೂ ಇರಬೇಕು. ಕೊಳವೆಯು ೧೫ ಅಡಿಯಷ್ಟು ಎತ್ತರವಿದ್ದಾಗ ಈ ನಿಯಮವು ಸಾಕು. ಅದಕ್ಕಿಂತ ಬಹಳ ಗಿಡ್ಡವಾದರೆ ಎಂಟನೆಯ ಒಂದು ಪಾಲನ್ನು ಹಿಡಿಯುವುದು ಲೇಸು. ಏಕೆಂದರೆ ಸೆಳೆತವು ಕೊಳವೆಯ ಎತ್ತರವನ್ನು ಅವಲಂಬಿಸಿದೆ.

ಒಂದು ಮನೆಯ ಲೆಕ್ಕ

ಎರಡು ಬಾಯಿಯ ಒಲೆಯೂ ಒಂದು ಕೋಡೊಲೆಯೂ ಸೇರಿ ೩ ಅಡಿ ಅಗಲ, ಗೋಡೆಯಿಂದ ಮುಂದಕ್ಕೆ ೧½ ಅಡಿ ಇರುವ ಒಂದು ಒಕ್ಕಲ ಮನೆಯ ಒಲೆಯನ್ನು ತೆಗೆದುಕೊಳ್ಳೋಣ. ಹಿಂಬದಿಗೆ ಗೋಡೆಯಿದೆ. ಕುಳಿತು ಅಡಿಗೆ ಮಾಡುವ ವಾಡಿಕೆ. ಕಟ್ಟೆಯಿಂದ ಅಂಚಿಗೆ ೨½ ಅಡಿ.

ಮೊದಲು ಪಕ್ಕಗಳೆರಡೂ ತೆರೆದಿವೆಯೆಂದು ಭಾವಿಸೋಣ. ಎಡಕ್ಕೂ ಬಲಕ್ಕೂ ಒಂದೊಂದು ಅಡಿ ಚಾಚು ಸೇರಿ ಹೊಗೆಗೂಡಿನ ಅಗಲ ೫ ಅಡಿ. ಮುಂದಿನ ಒಂದಡಿ ಚಾಚು ಸೇರಿ ಆಳ ೨½ ಅಡಿ. ಮುಂದಿನ ತೆರವು ೫ ಅಡಿಯನ್ನು ೨½ ಅಡಿಯಿಂದ ಗುಣಿಸಿದರೆ ೧೨½ ಚದರಡಿ. ಪಕ್ಕದ ತೆರವು ಒಂದೊಂದೂ ೬¼ ಚದರಡಿ, ಎರಡೂ ಸೇರಿ ೧೨½ ಚದರಡಿ. ಒಟ್ಟು ೨೫ ಚದರಡಿ. ಇದರ ಹತ್ತನೆಯ ಪಾಲು ೨½ ಚದರಡಿ, ಅಂದರೆ ೩೬೦ ಚದರ ಅಂಗುಲ. ಕೊಳವೆಯು ೧೯ ಅಂಗುಲ ಚೌಕವಾಗಬೇಕು! ಇಷ್ಟು ದೊಡ್ಡ ಗೂಡನ್ನು ಸೂರಿನ ಮೂಲಕ ತೆಗೆದುಕೊಂಡು ಹೋಗಲು ಯಾರೂ ಒಪ್ಪರು.

ಈಗ ಎಡಬಲಗಳಲ್ಲಿ ಕಟ್ಟೆಯಿಂದ ಹೊಗೆಗೂಡಿನವರೆಗೆ ಇಟ್ಟಿಗೆಯ ತೆಳುಗೋಡೆಯನ್ನು ಎಬ್ಬಿಸೋಣ. ಪಕ್ಕಗಳಲ್ಲಿ ೬ ಅಂಗುಲದಂತೆ ಬಿಟ್ಟರೆ ಹೊಗೆಗೂಡಿನ ಅಗಲ ೪ ಅಡಿಗೆ ಇಳಿಯುತ್ತದೆ. ತೆರೆದಿರುವುದು ಮುಂಭಾಗ ಮಾತ್ರ: ೪ ಅಡಿಗೆ ೨½ ಅಡಿ, ೧೦ ಚದರಡಿ. ಹತ್ತನೆಯ ಪಾಲು ಒಂದು ಚದರಡಿ. ೧೨ ಅಂಗುಲ ಚೌಕದ ಕೊಳವೆ ಸಾಕು. ಎರಡು ಗಿಡ್ಡ ಗೋಡೆಗಳಿಂದ ಕೊಳವೆಯ ವಿಸ್ತಾರವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಪಕ್ಕದಿಂದ ಬೀಸುವ ಗಾಳಿಯೂ ಹೊಗೆಯನ್ನು ಕದಡಲಾರದು. ಹೊಗೆಗೂಡನ್ನು ಕಟ್ಟಿಸುವವರು ಮೊದಲು ಮಾಡತಕ್ಕ ಕೆಲಸವಿದು.

ಇದೇ ಒಲೆಯನ್ನು ನಿಂತು ಉಪಯೋಗಿಸುವುದಾದರೆ ಅಂಚು ೩ ಅಡಿ, ತೆರವು ೧೨ ಚದರಡಿ, ಕೊಳವೆ ೧೭೩ ಚದರ ಅಂಗುಲ, ಅಂದರೆ ೧೩ ಅಂಗುಲ ಚೌಕಕ್ಕಿಂತ ತುಸು ಹೆಚ್ಚು. ಗಾರೆಯವನಿಗೆ ೧೪ ಅಂಗುಲವೆಂದು ಹೇಳುವುದು ಉತ್ತಮ.

ಇದರ ಎದುರಿಗೆ, ಸಾಮಾನ್ಯವಾಗಿ ಕಟ್ಟುವುದೇನು? ಪೇಟೆಯಲ್ಲಿ ಸಿಕ್ಕುವ ೬ ಅಂಗುಲದ ದುಂಡು ಕೊಳವೆ. ಅದರ ವಿಸ್ತಾರ ೨೮ ಚದರ ಅಂಗುಲ. ಬೇಕಾದ ೧೪೪ರಲ್ಲಿ ಐದನೆಯ ಒಂದು ಪಾಲು. ಕೆಲವರು ೪ ಅಂಗುಲದ್ದನ್ನೇ ಹಾಕುತ್ತಾರೆ. ಈ ತಪ್ಪು ತಿಳಿವಳಿಕೆಗೆ ಒಂದು ಕಾರಣವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು ೧೯೮೦ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಯಂಥ ಸುಧಾರಿತ ಒಲೆಗಳಲ್ಲಿ ಸಣ್ಣ ಕೊಳವೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಬೆಂಕಿಯು ಮುಚ್ಚಿದ ಗೂಡಿನೊಳಗೆ ಉರಿದು, ಪಾತ್ರೆಗಳು ಬಾಯಿಗಳನ್ನು ಬಿಗಿಯಾಗಿ ಮುಚ್ಚಿರುತ್ತವೆ. ಹೊಗೆಯು ನೇರವಾಗಿ ಕೊಳವೆಗೆ ಹೋಗುತ್ತದೆ. ತೆರೆದ ಒಲೆಯ ಮೇಲಿನ ಹೊಗೆಗೂಡು ಹೊಗೆಯೊಡನೆ ಕೋಣೆಯ ಗಾಳಿಯನ್ನೂ ಸಾಗಿಸಬೇಕಾಗುತ್ತದೆ. ಮುಚ್ಚಿದ ಒಲೆಯ ಕೊಳವೆಯನ್ನು ತೆರೆದ ಒಲೆಗೆ ಹಾಕಿದರೆ, ಕೆರೆಯ ನೀರನ್ನು ಕೊಡದ ಬಾಯಿಂದ ಹೊರಡಿಸಿದಂತಾಗುತ್ತದೆ.

ಕಟ್ಟುವಾಗ ಗಮನಿಸತಕ್ಕ ಅಂಶಗಳು

ಹೊಗೆಗೂಡಿನ ಒಳಮೈ ಚಪ್ಪಟೆಯಾಗಿರಕೂಡದು. ಇಳಿಜಾರು ಕಡೆಯ ಪಕ್ಷ ೪೫ ಅಂಶದ್ದಾಗಿರಬೇಕು, ಇನ್ನೂ ಕಡಿದಾದಷ್ಟು ಒಳ್ಳೆಯದು. ಒಳಗಡೆ ನುಣ್ಣಗೆ ಸಾರಿಸಿರಬೇಕು. ಕೊಳವೆಯು ನೇರವಾಗಿ ಏರಬೇಕು. ತಿರುವುಗಳು ಸೆಳೆತವನ್ನು ತಿನ್ನುತ್ತವೆ.

ಕೊಳವೆಯ ತುದಿಯು ಸೂರನ್ನು ದಾಟಿದ ಸ್ಥಳದಿಂದ ೩ ಅಡಿಯಾದರೂ ಮೇಲಿರಬೇಕು. ಹತ್ತಡಿಯೊಳಗೆ ಇರುವ ಮಾಡಿನ ನೆತ್ತಿಗಿಂತಲೂ ಗೋಡೆಗಿಂತಲೂ ೨ ಅಡಿ ಎತ್ತರವಾಗಿರಬೇಕು. ಇಲ್ಲವಾದರೆ ಗಾಳಿಯು ಮಾಡನ್ನು ದಾಟಿ ಕೆಳಕ್ಕೆ ಇಳಿಯುವಾಗ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಮಳೆಗೆ ಮುಚ್ಚಳ ಬೇಕು. ಅದು ಕೊಳವೆಯ ಬಾಯಿಗೆ ಅಂಟಿಕೊಂಡಿರಕೂಡದು. ೧೨ ಅಂಗುಲ ಚೌಕಕ್ಕೆ ಮುಚ್ಚಳದ ಕೆಳಗೆ ೬ ಅಂಗುಲವಾದರೂ ನಾಲ್ಕು ಕಡೆಯೂ ತೆರವಿರಲಿ.

ಒಂಟಿ ತಗಡಿನ ಕೊಳವೆಯಾದರೆ ಮರದ ತೊಲೆ ಪಕಾಸಿಗಳಿಂದ ಒಂದೂವರೆ ಅಡಿ ದೂರವಿಡಬೇಕು. ಹುಲ್ಲಿನ ಅಥವಾ ಗರಿಯ ಸೂರಿಗೆ ಇದನ್ನು ಹಾಯಿಸಲೇ ಕೂಡದು. ಕಲ್ನಾರಿನ ಕೊಳವೆಯನ್ನು ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಅದನ್ನು ಬಿಟ್ಟು ಇಟ್ಟಿಗೆಯ ಗೂಡನ್ನೇ ಎಬ್ಬಿಸುವುದು ಮೇಲು. ಪ್ಲಾಸ್ಟಿಕ್ಕಿನ ಕೊಳವೆಯು ಕರಗುತ್ತದೆ.

ಹೊರಹೋಗುವ ಗಾಳಿಯಷ್ಟು ಒಳಬರಲು ದಾರಿ ಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಕೊಳವೆಯ ವಿಸ್ತಾರದಷ್ಟಾದರೂ ತೆರವು, ನಮ್ಮ ಉದಾಹರಣೆಯಲ್ಲಿ ಒಂದು ಚದರಡಿ, ಅಡಿಗೆಮನೆಗೆ ಯಾವಾಗಲೂ ಇರಬೇಕು. ಅದು ಒಲೆಯ ಎದುರಿಗೆ, ತಗ್ಗಿನಲ್ಲಿ ಇದ್ದರೆ ಉತ್ತಮ. ಒಲೆಯ ಮಗ್ಗುಲಿನ ಕಿಟಕಿಯಿಂದ ಅಡ್ಡಗಾಳಿ ಬೀಸಿದರೆ, ಹೊಗೆಯ ಕಂಬವೇ ಬಾಗಿ ಅಂಚಿನ ಹೊರಗೆ ಹೋಗುತ್ತದೆ.

ಪರೀಕ್ಷೆ ಮತ್ತು ದೋಷಪರಿಹಾರ

ಒಲೆಯು ಚೆನ್ನಾಗಿ ಉರಿಯುತ್ತಿರುವಾಗ ಹೊತ್ತಿಸಿದ ಊದಿನಕಡ್ಡಿಯನ್ನು ಹೊಗೆಗೂಡಿನ ಕೆಳ ಅಂಚಿನುದ್ದಕ್ಕೂ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸಾಗಿಸಿರಿ. ಕಡ್ಡಿಯ ಹೊಗೆಯು ಎಲ್ಲ ಕಡೆಯೂ ಒಳಕ್ಕೆ ಬಾಗಿದರೆ ಕೆಲಸ ಸರಿಯಾಗಿದೆ. ಒಂದು ಮೂಲೆಯಲ್ಲಿ ಮಾತ್ರ ಹೊರಕ್ಕೆ ಬಂದರೆ ಅದು ಅಡ್ಡಗಾಳಿಯ ಅಥವಾ ಚಾಚಿನ ಕೊರತೆಯ ಲಕ್ಷಣ. ಅಂಚಿನುದ್ದಕ್ಕೂ ಹೊರಕ್ಕೆ ಬಂದರೆ ಬಾಗಿಲನ್ನು ತೆರೆದು ನೋಡಿರಿ. ಆಗ ಸರಿಯಾದರೆ ಗಾಳಿಯ ದಾರಿ ಸಾಲದು, ಆಗಲೂ ಸರಿಯಾಗದಿದ್ದರೆ ಕೊಳವೆ ಸಣ್ಣದು ಅಥವಾ ಮಸಿ ಕಟ್ಟಿದೆ. ಗಾಳಿ ಬೀಸುವ ದಿನ ಮಾತ್ರ ತೊಂದರೆಯಾದರೆ ತುದಿಯ ಎತ್ತರ ಸಾಲದು. ಬೆಳಗ್ಗೆ ಒಲೆ ಹಚ್ಚಿದ ಕೆಲವು ನಿಮಿಷ ಮಾತ್ರ ಹೊಗೆ ಮಗುಚಿದರೆ, ಅದು ಕೊಳವೆಯು ತಣ್ಣಗಿರುವುದರಿಂದ. ಮೊದಲು ಒಣಗಿದ ತೆಂಗಿನ ಗರಿಯ ಒಂದು ಹಿಡಿಯನ್ನು ಉರಿಸಿ ಕೊಳವೆಯನ್ನು ಬಿಸಿ ಮಾಡಿದರೆ ನಿಲ್ಲುತ್ತದೆ.

ಕೊಳವೆ ಸಣ್ಣದೆಂದು ಕಂಡುಬಂದರೆ ಕೆಡವುವುದಕ್ಕೆ ಮುಂಚೆ ಒಂದು ಪ್ರಯೋಗವುಂಟು. ಹೊಗೆಗೂಡಿನ ಮುಂದಿನ ಅಂಚಿಗೆ ಅಡ್ಡಲಾಗಿ ೩ ಅಂಗುಲದ ತಗಡಿನ ಪಟ್ಟಿಯನ್ನು ಕಟ್ಟಿ ನೋಡಿರಿ. ಸಾಲದಿದ್ದರೆ ೬ ಅಂಗುಲ, ೯ ಅಂಗುಲ. ಎಲ್ಲಿ ಹೊಗೆ ನಿಲ್ಲುವುದೋ ಅದೇ ಆ ಕೊಳವೆಗೆ ತಕ್ಕ ಎತ್ತರ. ಆ ಎತ್ತರದಲ್ಲಿ ಪಾತ್ರೆಯನ್ನು ಆಡಿಸಲು ಅನುಕೂಲವಿದ್ದರೆ ಪಟ್ಟಿಯನ್ನು ಅಲ್ಲಿಯೇ ನೆಲೆಗೊಳಿಸಬಹುದು. ಆದರೆ ೪ ಅಡಿ ಅಗಲದ ಹೊಗೆಗೂಡಿಗೆ ೯ ಅಂಗುಲ ಚೌಕದ ಕೊಳವೆ ಇದ್ದರೆ ಅದು ಸುಮಾರು ೫½ ಚದರಡಿಯ ತೆರವಿಗೆ ಮಾತ್ರ ಸಾಕಾಗುತ್ತದೆ. ಅಂಚು ಕಟ್ಟೆಯಿಂದ ೧೭ ಅಂಗುಲಕ್ಕೆ ಇಳಿಯಬೇಕು. ಒಲೆ ಪಾತ್ರೆಗಳೇ ೨೧ ಅಂಗುಲವಿರುವಾಗ ಇದು ನಡೆಯದು. ಅಲ್ಲಿ ಹೊಸ ಕೊಳವೆಯೇ ಗತಿ.

ಮಸಿಯನ್ನು ಅಲಕ್ಷಿಸಬಾರದು. ೧೨ ಅಂಗುಲ ಚೌಕದೊಳಗೆ ಸುತ್ತಲೂ ಅರ್ಧ ಅಂಗುಲ ಮಸಿ ಕಟ್ಟಿದರೆ ಉಳಿಯುವುದು ೧೧ ಅಂಗುಲ ಚೌಕ. ವಿಸ್ತಾರದಲ್ಲಿ ಸುಮಾರು ಆರನೆಯ ಒಂದು ಪಾಲು ಹೋದಂತಾಯಿತು. ಮಸಿಗೆ ಬೆಂಕಿ ಹತ್ತುವ ಭಯವೂ ಉಂಟು. ಆದುದರಿಂದ ಮಳೆಗಾಲದ ಮೊದಲೂ ಅನಂತರವೂ ಕೊಳವೆಯನ್ನು ಗುಡಿಸಿಸಬೇಕು.

ಅನಿಲದ ಒಲೆಯ ಮೇಲಿನ ವಿದ್ಯುತ್ ಚಿಮಣಿ

ಅನಿಲದ ಒಲೆಗೆ ವಿದ್ಯುತ್ ಚಿಮಣಿಯನ್ನು ಹಾಕಿಸುವವರಿಗೂ ಲೆಕ್ಕದ ತಿರುಳು ಇದೇ. ಚಿಮಣಿಯ ಅಗಲವು ಒಲೆಯಷ್ಟಾದರೂ ಇರಬೇಕು. ಎರಡು ಪಕ್ಕಗಳಲ್ಲಿಯೂ ೩ ಅಂಗುಲ ಹೆಚ್ಚಾಗಿದ್ದರೆ ಮೇಲು. ೬೦ ಸೆಂಟಿಮೀಟರ್ ಒಲೆಗೆ ೬೦ ಸೆಂಟಿಮೀಟರ್ ಚಿಮಣಿ ಕನಿಷ್ಠ. ಅಗಲವಾದ ನಾಲ್ಕು ಉರಿಯ ಒಲೆಗೆ ೯೦. ಎತ್ತರವು ಒಲೆಯ ಮೇಲಿನಿಂದ ಸಾಮಾನ್ಯವಾಗಿ ೬೫ರಿಂದ ೭೫ ಸೆಂಟಿಮೀಟರ್, ಅಂದರೆ ೨೬ರಿಂದ ೩೦ ಅಂಗುಲ. ಇದಕ್ಕಿಂತ ತಗ್ಗಿದರೆ ಜಿಡ್ಡಿಗೆ ಬೆಂಕಿ ತಗಲುವ ಅಪಾಯ. ಏರಿದರೆ ಹಬೆಯೂ ಒಗ್ಗರಣೆಯ ಹೊಗೆಯೂ ತಪ್ಪಿಸಿಕೊಳ್ಳುತ್ತವೆ. ಯಂತ್ರದೊಡನೆ ಬರುವ ಕಾಗದದಲ್ಲಿ ಬೇರೆ ಅಳತೆ ಬರೆದಿದ್ದರೆ ಅದನ್ನೇ ಅನುಸರಿಸತಕ್ಕದ್ದು. ೬ ಅಂಗುಲದ ಬಾಯಿಯಿರುವ ಯಂತ್ರಕ್ಕೆ ೪ ಅಂಗುಲದ ಕೊಳವೆಯನ್ನು ಸೇರಿಸಿದರೆ ದಾರಿಯು ಅರ್ಧಕ್ಕಿಂತಲೂ ಕಿರಿದಾಗುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯಕ. ಈ ಯಂತ್ರವನ್ನು ಸೌದೆಯ ಒಲೆಯ ಮೇಲೆ ಎಂದಿಗೂ ಕೂಡಿಸಬಾರದು. ಕಿಡಿಯು ಜಿಡ್ಡು ತುಂಬಿದ ಜಾಲರಿಗೆ ತಗಲಿ ಹೊತ್ತಿಕೊಳ್ಳುತ್ತದೆ. ಒಂದೇ ಅಡಿಗೆಮನೆಯಲ್ಲಿ ಎರಡೂ ಒಲೆಗಳಿದ್ದರೆ, ಬಾಗಿಲು ಕಿಟಕಿಗಳನ್ನು ಮುಚ್ಚಿ ಯಂತ್ರವನ್ನು ನಡೆಸಬಾರದು. ಅದು ಗಾಳಿಗಾಗಿ ಸೌದೆಯ ಒಲೆಯ ಕೊಳವೆಯಿಂದಲೇ ಹೊಗೆಯನ್ನು ಕೆಳಕ್ಕೆ ಎಳೆಯುತ್ತದೆ. ಆರಿದಂತೆ ಕಾಣುವ ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಅದು ಪ್ರಾಣಾಪಾಯ.

ಹೊಗೆಗೂಡಿನ ಮಿತಿಗಳು

ಹೊಗೆಗೂಡು ಸೌದೆಯನ್ನು ಉಳಿಸುವುದಿಲ್ಲ. ಸೌದೆಯ ಉಳಿತಾಯ ಬೇಕಾದವರು ಮುಚ್ಚಿದ ಒಲೆಯನ್ನೇ ಕಟ್ಟಿಸಬೇಕು. ಹಸಿಸೌದೆಯು ಕುಮುಟುವಾಗ ಹೊಗೆಯಲ್ಲಿ ಬಿಸಿ ಕಡಿಮೆಯಾಗಿ ಸೆಳೆತವೂ ತಗ್ಗುವುದರಿಂದ ಒಣಸೌದೆಯನ್ನೇ ಉಪಯೋಗಿಸತಕ್ಕದ್ದು. ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ತೆನೆಗಳನ್ನು ಹೊಗೆಗೆ ಕಟ್ಟುವ ವಾಡಿಕೆಯಿರುವ ಮನೆಗಳಲ್ಲಿ, ಚಿಮಣಿ ಬಂದ ಮೇಲೆ ಆ ಹೊಗೆ ಸಿಕ್ಕದೆ ಹುಳು ಬೀಳುವ ಸಂಭವವುಂಟು. ಅಂಥವರು ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಗಳಲ್ಲಿ ಭದ್ರಪಡಿಸುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು.

ಚಿಮಣಿ ಕಟ್ಟಿಸಲು ಉದ್ದೇಶಿಸಿರುವ ಯಜಮಾನರು ಗಾರೆಯವನನ್ನು ಕರೆಸುವ ಮುನ್ನ ಒಲೆಯ ಅಗಲ, ಆಳ, ನಿತ್ಯದ ದೊಡ್ಡ ಪಾತ್ರೆಯ ಎತ್ತರ, ಅಡಿಗೆ ಮಾಡುವವರ ತಲೆಯ ಎತ್ತರ, ಈ ನಾಲ್ಕನ್ನು ಅಳೆದು ಬರೆದುಕೊಳ್ಳಲಿ. ತೆರವಿನ ಚದರಡಿಯನ್ನು ಲೆಕ್ಕ ಹಾಕಿ, ಅದರ ಹತ್ತನೆಯ ಪಾಲಿನ ಕೊಳವೆಯನ್ನು ಕೇಳಲಿ. ಅದಕ್ಕಿಂತ ಸಣ್ಣದು ಸಾಕೆಂದು ಗಾರೆಯವನು ಹೇಳಿದರೆ, ತೆರವನ್ನು ಎಲ್ಲಿ ಕಡಿಮೆ ಮಾಡುವನೆಂದು ಅವನನ್ನೇ ಕೇಳಬೇಕು.